ಹೊಸ ಸರ್ಟಿಫಿಕೇಟ್ ಸರ್ವರ್‌ನಲ್ಲೇ ಇತ್ತು, ಆದರೂ ಮೇಲ್ ನಿಂತಿದ್ದು ಯಾಕೆ?

ಪ್ರಶ್ನೆ: ಸರ್, ನಮ್ಮದು ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ಗದಗ, ಹಾವೇರಿಯಲ್ಲಿ ಶಾಖೆಗಳಿವೆ. ಮೇಲ್ ಸರ್ವರ್ ಆಫೀಸಿನಲ್ಲೇ ಇದೆ. ಮೇಲ್ ಕಳಿಸಲು, ಹೊರಗಿನಿಂದ ಪಡೆಯಲು ಪೋಸ್ಟ್‌ಫಿಕ್ಸ್, ಡಬ್ಬಿ ತೆರೆದು ಓದಲು ಡವ್‌ಕಾಟ್, ಸರ್ವರ್‌ನ ಗುರುತು ತೋರಿಸಲು ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್. ನವೆಂಬರ್ 10, ಸೋಮವಾರ ಮೇಲ್ ನಿಂತುಹೋಯಿತು. ಸರ್ಟಿಫಿಕೇಟ್ ಬೆಳಗಿನ ಜಾವ 4:12ಕ್ಕೇ ಮುಗಿದಿತ್ತು, ಆದರೆ ಕೆಲವರಿಗೆ 11 ಗಂಟೆಯವರೆಗೂ ಮೇಲ್ ಬರ್ತಾ ಇತ್ತು. ರಿನ್ಯೂ ಮಾಡಲು ಹೋದರೆ ಹೊಸ ಸರ್ಟಿಫಿಕೇಟ್ ಆಗಲೇ ಇತ್ತು! ರೀಬೂಟ್ ಮಾಡಿದೆ, ಸರಿಹೋಯಿತು. ಸೆಪ್ಟೆಂಬರ್‌ನಲ್ಲಿ ಹೊಸ ಯುಪಿಎಸ್ ಹಾಕಿದ ಮೇಲೆ ಸರ್ವರ್ ಒಮ್ಮೆಯೂ ಬಂದ್ ಆಗಿರಲಿಲ್ಲ, ಅದಕ್ಕೇ ಜಾಸ್ತಿ ಆಶ್ಚರ್ಯ. ಮಾಲಕರು ಬರಹದಲ್ಲಿ ವರದಿ ಕೇಳಿದ್ದಾರೆ. “ಸರ್ಟಿಫಿಕೇಟ್ ಅವಧಿ ಮುಗಿದಿತ್ತು, ಸರಿಪಡಿಸಲಾಗಿದೆ” ಅಂತ ಬರೆದರೆ ಸಾಕಾ? ಲಾಗ್ ಕಳಿಸಿದ್ದೇನೆ.

ಉತ್ತರ: ಸಾಕಾಗುವುದಿಲ್ಲ. ಆ ಸಾಲು ಸುಳ್ಳಲ್ಲ, ಆದರೆ ಅದರಲ್ಲಿ ಕಾರಣ ಇಲ್ಲ. ಅಷ್ಟನ್ನೇ ಬರೆದು ಕೈಬಿಟ್ಟರೆ ಈಗಿನ ಸರ್ಟಿಫಿಕೇಟ್ ಮುಗಿಯುವ ಜನವರಿ 9ಕ್ಕೆ ಇದೇ ತೊಂದರೆ ಮತ್ತೆ ಬರಬಹುದು. ಯಾಕೆಂದರೆ ನೀವು ಮಾಡಿದ್ದು ರೀಬೂಟ್ ಮಾತ್ರ. ತೊಂದರೆ ಹುಟ್ಟಿದ ಜಾಗ ಇನ್ನೂ ಹಾಗೇ ಇದೆ.

ನಿಮ್ಮ ಲಾಗ್ ಓದಿದೆ. ನಿಮಗೆ ಆಶ್ಚರ್ಯ ತಂದ ಆ ಯುಪಿಎಸ್‌ನಲ್ಲೇ ಇದಕ್ಕೆ ಉತ್ತರ ಇದೆ. ಅದಕ್ಕೆ ಮುಂಚೆ ಸರ್ಟಿಫಿಕೇಟ್ ಹೇಗೆ ಬದಲಾಗುತ್ತದೆ ಅನ್ನೋದನ್ನು ನೋಡಬೇಕು.

ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟಿನ ಆಯುಷ್ಯ 90 ದಿನ. ಅದನ್ನು ತರುವ ಪ್ರೋಗ್ರಾಮ್ ಸರ್ಟ್‌ಬಾಟ್, ದಿನಕ್ಕೆ ಎರಡು ಸಲ ಎದ್ದು ನೋಡುತ್ತದೆ. 30 ದಿನ ಉಳಿದಾಗ ಹೊಸದನ್ನು ತಂದು ಡಿಸ್ಕಿನಲ್ಲಿ ಇಡುತ್ತದೆ. ನಿಮ್ಮ ಹಳೆ ಸರ್ಟಿಫಿಕೇಟ್ ಆಗಸ್ಟ್ 12ರದ್ದು. ಅದಕ್ಕೆ 30 ದಿನ ಉಳಿದದ್ದು ಅಕ್ಟೋಬರ್ 11ಕ್ಕೆ. ಅವತ್ತೇ ಸಂಜೆ 6:20ಕ್ಕೆ ಸರ್ಟ್‌ಬಾಟ್ ಹೊಸದನ್ನು ತಂದಿದೆ, ಲಾಗಿನಲ್ಲಿ ಸ್ಪಷ್ಟವಾಗಿದೆ. ಅಂದರೆ ಸರ್ಟ್‌ಬಾಟ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಸೋಮವಾರ ನೀವು ರಿನ್ಯೂ ಮಾಡಲು ಹೋದಾಗ ಅದು “ಇನ್ನೂ ಸಮಯವಿದೆ” ಅಂದದ್ದೂ, 60 ದಿನ ಬಾಕಿ ತೋರಿಸಿದ್ದೂ ಅದಕ್ಕೇ.

ಆದರೆ ಡಿಸ್ಕಿನಲ್ಲಿ ಫೈಲ್ ಬದಲಾದರೆ ಡವ್‌ಕಾಟ್‌ಗೆ ಗೊತ್ತಾಗುವುದಿಲ್ಲ. ನಿಮ್ಮ ಕಾನ್ಫಿಗ್ ಫೈಲಿನಲ್ಲಿ ಈ ಸಾಲು ಇದೆ:

```
ssl_cert = </etc/letsencrypt/live/mail.example.com/fullchain.pem
```

ಇಲ್ಲಿನ `<` ಗುರುತಿನ ಅರ್ಥ, ಕಾನ್ಫಿಗ್ ಓದುವಾಗ ಆ ಫೈಲಿನ ಒಳಗಿನದನ್ನೂ ಓದಿಕೊ ಅಂತ. ಡವ್‌ಕಾಟ್ ಶುರುವಾದಾಗ ಒಮ್ಮೆ ಓದಿಕೊಳ್ಳುತ್ತದೆ. ಆಮೇಲೆ ರೀಲೋಡ್ ಅಥವಾ ರೀಸ್ಟಾರ್ಟ್ ಆಗುವವರೆಗೆ ಮೆಮೊರಿಯಲ್ಲಿರುವ ಅದೇ ಪ್ರತಿಯನ್ನು ಎಲ್ಲರಿಗೂ ತೋರಿಸುತ್ತದೆ. ಅಂಗಡಿಯ ಗೋಡೆಗೆ ಹೊಸ ದರಪಟ್ಟಿ ಅಂಟಿಸಿದರೂ ಗಲ್ಲಾದಲ್ಲಿ ಕೂತವರು ಬೆಳಿಗ್ಗೆ ಓದಿಕೊಂಡ ಹಳೆ ದರವನ್ನೇ ಹೇಳಿದ ಹಾಗೆ. ಹಾಗಾಗಿ ಅಕ್ಟೋಬರ್ 11ರಿಂದ ನವೆಂಬರ್ 10ರವರೆಗೆ ನಿಮ್ಮ ಸರ್ವರ್‌ನಲ್ಲಿ ಎರಡು ಸರ್ಟಿಫಿಕೇಟ್ ಇದ್ದವು. ಹೊಸದು ಡಿಸ್ಕಿನಲ್ಲಿ, ಹಳೆಯದು ಡವ್‌ಕಾಟ್‌ನ ಮೆಮೊರಿಯಲ್ಲಿ.

ಸರ್ಟಿಫಿಕೇಟ್ ಬಂದ ಮೇಲೆ ಡವ್‌ಕಾಟ್‌ಗೆ ರೀಲೋಡ್ ಹೇಳುವ ಏರ್ಪಾಡು ಇರಬೇಕಿತ್ತು. ನೀವು ಕಳಿಸಿದ ಫೋಲ್ಡರಿನ ಪಟ್ಟಿ ನೋಡಿದರೆ ಅದು ಮೊದಲಿನಿಂದಲೂ ಇರಲೇ ಇಲ್ಲ. ಹಾಗಾದರೆ ಇಷ್ಟು ದಿನ ಹೇಗೆ ನಡೆಯಿತು?

`last reboot` ಕಮಾಂಡಿನ ಪಟ್ಟಿಯಲ್ಲಿ ಉತ್ತರ ಇದೆ. ಸೆಪ್ಟೆಂಬರ್ 3ರವರೆಗೆ ನಿಮ್ಮ ಸರ್ವರ್ ಮೇಲಿಂದ ಮೇಲೆ ರೀಬೂಟ್ ಆಗಿದೆ. ಕೆಲವು ತಿಂಗಳಲ್ಲಿ ಎರಡು ಮೂರು ಸಲ. ಕರೆಂಟ್ ಹೋಗುತ್ತಿತ್ತು, ಹಳೆ ಯುಪಿಎಸ್ ಹೆಚ್ಚು ಹೊತ್ತು ತಾಳುತ್ತಿರಲಿಲ್ಲ, ಕರೆಂಟ್ ಬಂದಾಗ ಸರ್ವರ್ ತಾನೇ ಮೇಲೇಳುತ್ತಿತ್ತು. ಹಾಗೆ ಎದ್ದಾಗಲೆಲ್ಲ ಡವ್‌ಕಾಟ್ ಡಿಸ್ಕಿನಲ್ಲಿದ್ದ ಹೊಸ ಸರ್ಟಿಫಿಕೇಟನ್ನು ಓದಿಕೊಳ್ಳುತ್ತಿತ್ತು. ರಿನ್ಯೂ ಆದ ಮೇಲೆ ಹಳೆಯದು ಮುಗಿಯಲು 30 ದಿನ ಇರುತ್ತದೆ. ಆ 30 ದಿನದಲ್ಲಿ ಒಂದೇ ಒಂದು ಸಲ ಕರೆಂಟ್ ಹೋದರೂ ಸಾಕು, ಎಲ್ಲ ಸರಿಯಾಗುತ್ತಿತ್ತು. ಸೆಪ್ಟೆಂಬರ್ 3ರ ನಂತರ ಹೊಸ ಯುಪಿಎಸ್ ಬಂತು. ಅಲ್ಲಿಂದ ನವೆಂಬರ್ 10ರವರೆಗೆ, 68 ದಿನ, ಒಂದೂ ರೀಬೂಟ್ ಇಲ್ಲ. ಈ ಅವಧಿಯಲ್ಲೇ ರಿನ್ಯೂ ಆಯಿತು, ಹಳೆಯದು ಮುಗಿಯಿತು.

ದಯವಿಟ್ಟು ವರದಿಯಲ್ಲಿ ಯುಪಿಎಸ್‌ನಿಂದ ತೊಂದರೆ ಆಯಿತು ಅಂತ ಬರೆಯಬೇಡಿ. ಮಾಲಕರು ದುಡ್ಡು ಹಾಕಿ ಮಾಡಿದ ಒಳ್ಳೆ ಕೆಲಸ ಅದು. ಮೊದಲಿನಿಂದ ಇದ್ದ ಕೊರತೆಯನ್ನು ಕರೆಂಟ್ ಕಡಿತ ಮುಚ್ಚಿಡುತ್ತಿತ್ತು, ಯುಪಿಎಸ್ ಬಂದ ಮೇಲೆ ಅದು ಹೊರಗೆ ಬಿತ್ತು. ಹೀಗೆ ಬರೆದರೆ ಮಾಲಕರಿಗೂ ಅರ್ಥವಾಗುತ್ತದೆ, ನಿಜವೂ ಅದೇ.

ಈಗ ನಿಮ್ಮ ಇನ್ನೊಂದು ಗೊಂದಲ, ಸಮಯದ್ದು. ಸರ್ಟಿಫಿಕೇಟಿನಲ್ಲಿ ಹೀಗಿದೆ:

```
notAfter=Nov 10 04:12:37 2025 GMT
```

ಕೊನೆಯ ಮೂರಕ್ಷರ ನೋಡಿ. ಇದು ಗ್ರೀನ್‌ವಿಚ್ ಸಮಯ. ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಅಂದರೆ ಬೆಳಿಗ್ಗೆ 9:42. ಆಫೀಸ್ ಶುರುವಾಗುವ ಹೊತ್ತಿಗೇ ಅವಧಿ ಮುಗಿದಿದೆ. ಸರ್ಟಿಫಿಕೇಟಿನ ದಿನಾಂಕ ಯಾವಾಗಲೂ ಈ ಸಮಯದಲ್ಲೇ ಇರುತ್ತದೆ. ಮೇಲ್ ಲಾಗ್ ಮಾತ್ರ ಸರ್ವರ್‌ನ ಸ್ಥಳೀಯ ಸಮಯದಲ್ಲಿದೆ. ಎರಡನ್ನೂ ಒಂದೇ ವರದಿಗೆ ಸುಮ್ನೆ ನಕಲು ಮಾಡಿದರೆ, ಐದೂವರೆ ಗಂಟೆ ಯಾರಿಗೂ ತೊಂದರೆ ಗೊತ್ತೇ ಆಗಲಿಲ್ಲ ಅನ್ನುವ ತಪ್ಪು ಅರ್ಥ ಬರುತ್ತದೆ. ಎಲ್ಲವನ್ನೂ ಭಾರತೀಯ ಸಮಯಕ್ಕೆ ತನ್ನಿ, ಹಾಗೆ ತಂದಿದ್ದೀರಿ ಅಂತ ಮೇಲೆ ಒಂದು ಸಾಲು ಬರೆಯಿರಿ.

9:42ರ ನಂತರವೂ ಕೆಲವರಿಗೆ ಮೇಲ್ ಬಂದದ್ದು ಹೇಗೆ? ಸರ್ಟಿಫಿಕೇಟನ್ನು ನೋಡುವುದು ಸಂಪರ್ಕ ಶುರುವಾಗುವಾಗ ಮಾತ್ರ. ಬೆಳಿಗ್ಗೆ ಒಂಬತ್ತಕ್ಕೇ ಔಟ್‌ಲುಕ್ ತೆರೆದು ಕೂತವರ ಐಮ್ಯಾಪ್, ಅಂದರೆ ಡಬ್ಬಿಯ ಮೇಲ್ ಓದುವ ಸಂಪರ್ಕ ಹಾಗೇ ಜೀವಂತವಾಗಿತ್ತು. ಅವರಿಗೆ ಏನೂ ಆಗಲಿಲ್ಲ. ಕಂಪ್ಯೂಟರ್ ತಡವಾಗಿ ಹಚ್ಚಿದವರಿಗೆ, ಫೋನಿನಲ್ಲಿ ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಬಂದವರಿಗೆ ಹೊಸ ಸಂಪರ್ಕ ಬೇಕಾಯಿತು. ಅವರಿಗೆ ಎಚ್ಚರಿಕೆ ಬಂತು. ಹೀಗಾಗಿ ದೂರುಗಳು ಒಟ್ಟಿಗೆ ಬರಲಿಲ್ಲ, ಒಂದೊಂದಾಗಿ ಬಂದವು. “ನನಗೆ ಬರ್ತಾ ಇದೆಯಲ್ಲ” ಅಂತ ಪಕ್ಕದವರು ಹೇಳಿದ್ದರಿಂದಲೇ ನೀವು ಮೊದಲು ಇಂಟರ್ನೆಟ್ ಲೈನ್, ಆಮೇಲೆ ಪಾಸ್‌ವರ್ಡ್ ನೋಡುತ್ತ ಮುಕ್ಕಾಲು ಗಂಟೆ ಕಳೆದಿರಿ. ಆ ಹೊತ್ತಿನಲ್ಲಿ ಡವ್‌ಕಾಟ್ ಲಾಗಿನಲ್ಲಿ ಉತ್ತರ ಬರೆದೇ ಇತ್ತು:

```
imap-login: Disconnected (no auth attempts in 0 secs): user=<>,
rip=192.168.1.34, TLS handshaking: SSL_accept() failed:
... sslv3 alert certificate expired: SSL alert number 45
```

ಇದರಲ್ಲಿ ಎರಡು ಗುರುತು ಮುಖ್ಯ. `user=<>` ಖಾಲಿ ಇದೆ, ಅಂದರೆ ಹೆಸರು, ಪಾಸ್‌ವರ್ಡ್ ಕೇಳುವ ಹಂತಕ್ಕೂ ಮಾತು ಹೋಗಿಲ್ಲ. ಹಾಗಾಗಿ ಪಾಸ್‌ವರ್ಡ್ ಬದಲಿಸಿ ಪ್ರಯೋಜನ ಇರಲಿಲ್ಲ. ಇನ್ನು 45 ಅನ್ನುವ ಸಂಖ್ಯೆ. ಅದು ಸಂಪರ್ಕವನ್ನು ಭದ್ರಮಾಡುವ ಟಿಎಲ್‌ಎಸ್ ನಿಯಮದಲ್ಲಿ “ಸರ್ಟಿಫಿಕೇಟ್ ಅವಧಿ ಮುಗಿದಿದೆ” ಅನ್ನುವ ಸಂಕೇತ. ಅದನ್ನು ಕಳಿಸಿದ್ದು ನಿಮ್ಮ ಸರ್ವರ್ ಅಲ್ಲ, ಎದುರಿನ ಮೇಲ್ ಪ್ರೋಗ್ರಾಮ್. ಎಲ್ಲ ಪ್ರೋಗ್ರಾಮುಗಳೂ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಕೆಲವು 42 ಅಥವಾ 46 ಕಳಿಸುತ್ತವೆ, ಕೆಲವು ಸುಮ್ಮನೆ ಸಂಪರ್ಕ ಕಡಿದುಕೊಳ್ಳುತ್ತವೆ.

ನೀವು ಗಮನಿಸಿರಬಹುದು, ಅವತ್ತು ಮೇಲ್ ಕಳಿಸುವುದು ಯಾರಿಗೂ ನಿಂತಿರಲಿಲ್ಲ. ಕಳಿಸುವ 587ನೇ ಪೋರ್ಟ್, ಹೊರಗಿನಿಂದ ಮೇಲ್ ಬರುವ 25ನೇ ಪೋರ್ಟ್, ಎರಡೂ ಪೋಸ್ಟ್‌ಫಿಕ್ಸ್‌ನವು. ಪೋಸ್ಟ್‌ಫಿಕ್ಸ್ ಕೆಲಸ ಮಾಡುವ ರೀತಿ ಬೇರೆ. ಅದರ ಒಂದೊಂದು ಪ್ರೊಸೆಸ್ಸಿನ ಆಯುಷ್ಯ ಕಡಿಮೆ. ಮೊದಲೇ ಇರುವ ಸೆಟ್ಟಿಂಗಿನಂತೆ, 100 ಸಂಪರ್ಕ ನೋಡಿಕೊಂಡ ಮೇಲೆ, ಇಲ್ಲವೇ 100 ಸೆಕೆಂಡ್ ಕೆಲಸವಿಲ್ಲದೆ ಕೂತ ಮೇಲೆ ಅದು ಮುಗಿಯುತ್ತದೆ. ಮುಂದೆ ಹುಟ್ಟುವ ಪ್ರೊಸೆಸ್ ಸರ್ಟಿಫಿಕೇಟನ್ನು ಡಿಸ್ಕಿನಿಂದ ಹೊಸದಾಗಿ ಓದುತ್ತದೆ. ಹೀಗಾಗಿ ಪೋಸ್ಟ್‌ಫಿಕ್ಸ್ ಅಕ್ಟೋಬರ್‌ನಲ್ಲೇ ತಾನಾಗಿ ಹೊಸ ಸರ್ಟಿಫಿಕೇಟಿಗೆ ಬಂದಿತ್ತು. ಒಂದೇ ಸರ್ವರ್, ಒಂದೇ ಫೈಲ್, ಆದರೆ 587ರಲ್ಲಿ ಹೊಸದು, ಡವ್‌ಕಾಟ್‌ನ 993ನೇ ಪೋರ್ಟಿನಲ್ಲಿ ಹಳೆಯದು. ಕಳಿಸಲು ಆಗುತ್ತದೆ, ಓದಲು ಆಗುವುದಿಲ್ಲ ಅನ್ನುವ ಲಕ್ಷಣ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಮಾಲಕರು ಮೊದಲು ಕೇಳುವುದು ಒಂದೇ ಪ್ರಶ್ನೆ: ನಮ್ಮ ಮೇಲ್ ಯಾವುದಾದರೂ ಕಳೆದುಹೋಯಿತಾ? ಇಲ್ಲ ಅಂತ ಧೈರ್ಯವಾಗಿ ಬರೆಯಬಹುದು, ಪುರಾವೆಯ ಜೊತೆಗೆ. 9:42ರಿಂದ 11:20ರವರೆಗಿನ ಲಾಗಿನಲ್ಲಿ ಹೊರಗಿನಿಂದ ಬಂದ ಮೇಲ್‌ಗಳಿಗೆ `status=sent` ಇದೆ. ಅವೆಲ್ಲ ಆಯಾ ಜನರ ಡಬ್ಬಿಗೆ ಸೇರಿವೆ. ಜನರಿಗೆ ಡಬ್ಬಿ ತೆರೆಯಲು ಆಗಲಿಲ್ಲ, ಅಷ್ಟೇ. ರೀಬೂಟಿನ ಆರು ನಿಮಿಷದಲ್ಲಿ ಹೊರಗಿನಿಂದ ಬರಬೇಕಿದ್ದವು ಕಳಿಸುವವರ ಸರ್ವರ್‌ನಲ್ಲಿ ಕಾದು ಮತ್ತೆ ಪ್ರಯತ್ನಿಸುತ್ತವೆ. ಪೋಸ್ಟ್‌ಫಿಕ್ಸ್ ಆದರೆ ಐದು ದಿನದವರೆಗೆ ಬಿಡುವುದಿಲ್ಲ. ಒಂದು ಚಿಕ್ಕ ನಷ್ಟ ಮಾತ್ರ ಇದೆ. ಆ ಹೊತ್ತಿನಲ್ಲಿ ಕಳಿಸಿದ ಕೆಲವು ಮೇಲ್‌ಗಳ ಪ್ರತಿ “ಸೆಂಟ್” ಫೋಲ್ಡರಿಗೆ ಹೋಗಿರುವುದಿಲ್ಲ, ಏಕೆಂದರೆ ಆ ಪ್ರತಿ ಉಳಿಸುವುದು ಐಮ್ಯಾಪ್ ಮೂಲಕ. ಕೊಟೇಶನ್ ಕಳಿಸಿದವರು ಯಾರಾದರೂ ಇದ್ದರೆ ಅವರಿಗೆ ತಿಳಿಸಿ. ಮೇಲ್ ಹೋಗಿದೆ, ಪ್ರತಿ ಮಾತ್ರ ಇಲ್ಲ.

ವರದಿಯ ಕಾಲಕ್ರಮವನ್ನು ಸೋಮವಾರದಿಂದ ಶುರು ಮಾಡಬೇಡಿ. ನಾನಾದರೆ ಹೀಗೆ ಬರೆಯುತ್ತೇನೆ:

ಆಗಸ್ಟ್ 12: ಹಿಂದಿನ ಸರ್ಟಿಫಿಕೇಟ್ ಬಂತು.
ಸೆಪ್ಟೆಂಬರ್ 3: ಸರ್ವರ್‌ನ ಕೊನೆಯ ರೀಬೂಟ್. ಡವ್‌ಕಾಟ್ ಆಗಸ್ಟ್‌ನ ಸರ್ಟಿಫಿಕೇಟ್ ಓದಿಕೊಂಡಿತು.
ಅಕ್ಟೋಬರ್ 11, ಸಂಜೆ 6:20: ಹೊಸ ಸರ್ಟಿಫಿಕೇಟ್ ಬಂತು. ಡವ್‌ಕಾಟ್ ರೀಲೋಡ್ ಆಗಲಿಲ್ಲ. ತೊಂದರೆ ಶುರುವಾದದ್ದು ಇಲ್ಲಿ.
ನವೆಂಬರ್ 10, ಬೆಳಿಗ್ಗೆ 9:42: ಹಳೆಯದರ ಅವಧಿ ಮುಗಿಯಿತು.
9:44: ಲಾಗಿನಲ್ಲಿ ಮೊದಲ 45ರ ಸಾಲು.
10:05: ಹಾವೇರಿ ಶಾಖೆಯಿಂದ ಮೊದಲ ಫೋನ್ (ನಿಮ್ಮ ನೆನಪಿನಂತೆ).
10:05ರಿಂದ 10:50: ಇಂಟರ್ನೆಟ್ ಲೈನ್, ಪಾಸ್‌ವರ್ಡ್ ಪರಿಶೀಲನೆ.
11:00: ರಿನ್ಯೂ ಪ್ರಯತ್ನ. ಹೊಸದು ಈಗಾಗಲೇ ಇದೆ ಅಂತ ತಿಳಿಯಿತು.
11:20: ರೀಬೂಟ್. 11:26: ಎಲ್ಲರಿಗೂ ಮೇಲ್ ಸಿಕ್ಕಿತು.

ಲಾಗಿನಿಂದ ತೆಗೆದ ಸಮಯ ಯಾವುದು, ನೆನಪಿನಿಂದ ಬರೆದದ್ದು ಯಾವುದು ಅಂತ ಬೇರೆ ಬೇರೆ ಗುರುತಿಸಿ. ಫೋನ್ ಬಂದ ಸಮಯವನ್ನು ಮೊಬೈಲಿನ ಕರೆ ಪಟ್ಟಿಯಲ್ಲಿ ನೋಡಿ ಸರಿಮಾಡಬಹುದು. ಒಟ್ಟು ತೊಂದರೆಯ ಅವಧಿ 1 ಗಂಟೆ 44 ನಿಮಿಷ. ಆದರೆ ಅದಕ್ಕೆ ಮುಂಚಿನ 30 ದಿನ ಯಾರ ಕಣ್ಣಿಗೂ ಬೀಳಲಿಲ್ಲ ಅನ್ನೋದು ನನಗೆ ಅದಕ್ಕಿಂತ ದೊಡ್ಡ ವಿಷಯ. ವರದಿ ಓದುವವರ ಕಣ್ಣು ಅಲ್ಲಿಗೇ ಹೋಗಬೇಕು.

ಇನ್ನು ಪರಿಹಾರ. ಮೊದಲನೆಯದು ಎರಡು ಸಾಲಿನ ಸ್ಕ್ರಿಪ್ಟ್. `/etc/letsencrypt/renewal-hooks/deploy/` ಫೋಲ್ಡರಿನಲ್ಲಿ `10-mail.sh` ಅಂತ ಒಂದು ಫೈಲ್ ಮಾಡಿ, `chmod +x` ಕೊಡಿ:

```
#!/bin/sh
systemctl reload dovecot postfix
```

ಈ ಫೋಲ್ಡರಿನಲ್ಲಿ ಇರುವುದನ್ನು ಸರ್ಟ್‌ಬಾಟ್ ಹೊಸ ಸರ್ಟಿಫಿಕೇಟ್ ನಿಜವಾಗಿ ಬಂದಾಗ ಮಾತ್ರ ನಡೆಸುತ್ತದೆ. ಪೋಸ್ಟ್‌ಫಿಕ್ಸ್‌ಗೆ ಇದರ ಅಗತ್ಯ ಇಲ್ಲ, ಆದರೂ ಸೇರಿಸಿದ್ದೇನೆ. ಎರಡೂ ಒಂದೇ ಹೊತ್ತಿಗೆ ಬದಲಾದರೆ ಮುಂದೆ ಲಾಗ್ ಓದುವವರಿಗೆ ಸುಲಭ. ರೀಲೋಡ್‌ಗೆ ಹೆಚ್ಚೆಂದರೆ ಒಂದೆರಡು ಸೆಕೆಂಡ್ ಸಾಕು, ರೀಬೂಟ್ ಬೇಕಿಲ್ಲ.

ಇದನ್ನು ಪರೀಕ್ಷೆ ಮಾಡುವಾಗ ಒಂದು ಕಡೆ ಹಲವರು ಮೋಸ ಹೋಗುತ್ತಾರೆ. `certbot renew --dry-run` ಓಡಿಸಿ, ತಪ್ಪು ಬರಲಿಲ್ಲ ಅಂತ ಸಮಾಧಾನಪಡುತ್ತಾರೆ. ಆ ಪರೀಕ್ಷೆ ತಾನಾಗಿ ಈ ಸ್ಕ್ರಿಪ್ಟನ್ನು ಮುಟ್ಟುವುದೇ ಇಲ್ಲ. ಸ್ಕ್ರಿಪ್ಟನ್ನು ಕೈಯಿಂದಲೇ ಒಮ್ಮೆ ಓಡಿಸಿ ನೋಡಿ. ಹೊಸ ಸರ್ಟಿಫಿಕೇಟನ್ನು ಬಲವಂತದಿಂದ ತರಿಸಿ ಪರೀಕ್ಷಿಸುವ ಆಸೆಯೂ ಬೇಡ. ಒಂದೇ ಹೆಸರುಗಳಿಗೆ ಲೆಟ್ಸ್ ಎನ್‌ಕ್ರಿಪ್ಟ್ 7 ದಿನಕ್ಕೆ 5 ಸರ್ಟಿಫಿಕೇಟ್ ಮಾತ್ರ ಕೊಡುತ್ತದೆ. ಮಿತಿ ಮುಟ್ಟಿದರೆ ನಿಜವಾಗಿ ಬೇಕಾದಾಗ ಸಿಗುವುದಿಲ್ಲ.

ಎರಡನೆಯದು ನಿಗಾ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ತಪ್ಪಾದ ಕಡೆ ನಿಗಾ ಇಟ್ಟರೆ ಇಲ್ಲದ ಹಾಗೇ. ಡಿಸ್ಕಿನ ಫೈಲನ್ನು ನೋಡುವ ನಿಗಾ ನಿಮಗೆ ಅಕ್ಟೋಬರ್ 11ರ ನಂತರ ದಿನವೂ “ಎಲ್ಲ ಸರಿ ಇದೆ” ಅನ್ನುತ್ತಿತ್ತು. ಲೆಟ್ಸ್ ಎನ್‌ಕ್ರಿಪ್ಟ್ ಹಿಂದೆ ಅವಧಿ ಮುಗಿಯುವ ಮುಂಚೆ ಮೇಲ್ ಕಳಿಸುತ್ತಿತ್ತು. 2025ರ ಜೂನ್ 4ಕ್ಕೆ ಅದನ್ನು ನಿಲ್ಲಿಸಿದರು. ಅದು ಇದ್ದಿದ್ದರೂ ನಿಮಗೆ ಬರುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ನೀವು ಹೊಸದನ್ನು ಪಡೆದಾಗಿತ್ತು. ಹಾಗಾಗಿ ನೋಡಬೇಕಾದದ್ದು ಫೈಲನ್ನಲ್ಲ, ಪೋರ್ಟ್ ಹೊರಗಿನವರಿಗೆ ಏನು ತೋರಿಸುತ್ತಿದೆ ಅನ್ನೋದನ್ನು. ಸರ್ವರ್ ಬಿಟ್ಟು ಬೇರೆ ಯಾವುದಾದರೂ ಯಂತ್ರದಿಂದ, ಗದಗ ಶಾಖೆಯ ಕಂಪ್ಯೂಟರ್ ಆದರೂ ನಡೆದೀತು, ದಿನಕ್ಕೊಮ್ಮೆ ಇದನ್ನು ಓಡಿಸಿ:

```
H=mail.example.com
echo | openssl s_client -connect $H:993 -servername $H 2>/dev/null \
 | openssl x509 -noout -checkend 1814400
```

1814400 ಅಂದರೆ 21 ದಿನದ ಸೆಕೆಂಡುಗಳು. ಪೋರ್ಟಿನಲ್ಲಿ ಕಾಣುವ ಸರ್ಟಿಫಿಕೇಟಿಗೆ 21 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಈ ಕಮಾಂಡ್ ಸೋತು ಹೊರಬರುತ್ತದೆ. ಸಂಪರ್ಕವೇ ಸಿಗದಿದ್ದರೂ ಸೋಲುತ್ತದೆ, ಅದೂ ಒಳ್ಳೆಯದೇ. ಸೋತಾಗ ನಿಮ್ಮ ಮೊಬೈಲಿಗೆ ಎಸ್‌ಎಂಎಸ್ ಬರುವ ಹಾಗೆ ಮಾಡಿ. ಅದೇ ಸರ್ವರ್‌ನ ಮೇಲ್ ವಿಳಾಸಕ್ಕೆ ಎಚ್ಚರಿಕೆ ಕಳಿಸಿ ಫಲವಿಲ್ಲ, ಅಲ್ವಾ? 587ಕ್ಕೂ ಇದೇ ಪರೀಕ್ಷೆ ಇಡಿ, ಪೋರ್ಟ್ ಸಂಖ್ಯೆ ಬದಲಿಸಿ `-starttls smtp` ಸೇರಿಸಿದರಾಯಿತು. ಈ ನಿಗಾ ಮೊದಲೇ ಇದ್ದಿದ್ದರೆ ನಿಮಗೆ ಅಕ್ಟೋಬರ್ 20ಕ್ಕೇ ಎಸ್‌ಎಂಎಸ್ ಬರುತ್ತಿತ್ತು, ಸರಿಪಡಿಸಲು ಮೂರು ವಾರ ಸಿಗುತ್ತಿತ್ತು. ಈ ಸಾಲನ್ನು ವರದಿಯಲ್ಲಿ ಹಾಕಿ.

ಈ 21 ಶಾಶ್ವತ ಸಂಖ್ಯೆ ಅಲ್ಲ. ಸರ್ಟಿಫಿಕೇಟಿನ ಆಯುಷ್ಯ ಎಲ್ಲ ಕಡೆ ಕಡಿಮೆಯಾಗುತ್ತಿದೆ. ದುಡ್ಡು ಕೊಟ್ಟು ತರುವ ಸರ್ಟಿಫಿಕೇಟಿಗೂ ಗರಿಷ್ಠ ಆಯುಷ್ಯ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಲೆಟ್ಸ್ ಎನ್‌ಕ್ರಿಪ್ಟ್ ಕೂಡ 45 ದಿನಕ್ಕೆ ಇಳಿಯುತ್ತಿದೆ. 45 ದಿನದ್ದನ್ನು ಮೂರನೇ ಒಂದು ಭಾಗ ಉಳಿದಾಗ ರಿನ್ಯೂ ಮಾಡಿದರೆ ಕೈಯಲ್ಲಿ ಉಳಿಯುವುದು 15 ದಿನ. ಆಗ 21ರ ಎಚ್ಚರಿಕೆ ಪ್ರತಿ ಸಲವೂ ಸುಳ್ಳೇ ಕೂಗುತ್ತದೆ, ನೀವು ಅದನ್ನು ಕಡೆಗಣಿಸಲು ಕಲಿಯುತ್ತೀರಿ. ಆಯುಷ್ಯ ಇಳಿದಾಗ ಈ ಸಂಖ್ಯೆಯನ್ನೂ ಇಳಿಸಬೇಕು ಅಂತ ಸ್ಕ್ರಿಪ್ಟಿನ ಒಳಗೇ ಬರೆದಿಡಿ.

ಮೂರನೆಯದು ಸರ್ವರ್‌ನಲ್ಲಿ ಇಲ್ಲ, ಜನರ ಫೋನಿನಲ್ಲಿದೆ. ನನಗೆ ಜಾಸ್ತಿ ಚಿಂತೆ ಇದರದ್ದೇ. ಆ 1 ಗಂಟೆ 44 ನಿಮಿಷದಲ್ಲಿ ಯಾರೋ ಒಬ್ಬರು ಹೇಗಾದರೂ ಮೇಲ್ ಬರಲಿ ಅಂತ ಫೋನಿನ ಸೆಟ್ಟಿಂಗ್ ತೆರೆದಿರುತ್ತಾರೆ. ಆಂಡ್ರಾಯ್ಡ್‌ನ ಕೆಲವು ಮೇಲ್ ಆ್ಯಪ್‌ಗಳಲ್ಲಿ `SSL/TLS (Accept all certificates)` ಅನ್ನುವ ಆಯ್ಕೆ ಇದೆ. ಅದನ್ನು ಒತ್ತಿದರೆ ತಕ್ಷಣ ಮೇಲ್ ಬರುತ್ತದೆ. ಆದರೆ ಸರ್ವರ್ ಸರಿಯಾದ ಮೇಲೂ ಆ ಸೆಟ್ಟಿಂಗ್ ಹಾಗೇ ಉಳಿಯುತ್ತದೆ. ಆ ಫೋನ್ ಇನ್ನು ಮುಂದೆ ಯಾವ ಸರ್ಟಿಫಿಕೇಟ್ ತೋರಿಸಿದರೂ ಒಪ್ಪಿಕೊಳ್ಳುತ್ತದೆ. ಬಸ್ ಸ್ಟ್ಯಾಂಡಿನಲ್ಲೋ ಲಾಡ್ಜಿನಲ್ಲೋ ಕೆಟ್ಟ ಉದ್ದೇಶದ ವೈಫೈಗೆ ಸಿಕ್ಕಿದರೆ ಆಫೀಸಿನ ಪಾಸ್‌ವರ್ಡ್ ನೇರ ಅವರ ಕೈಗೆ ಹೋಗುತ್ತದೆ. ಥಂಡರ್‌ಬರ್ಡ್‌ನಲ್ಲಿ ಕೊಡುವ ವಿನಾಯಿತಿ ಆ ಒಂದು ಸರ್ಟಿಫಿಕೇಟಿಗೆ ಮಾತ್ರ, ಅದರಿಂದ ಅಪಾಯ ಕಡಿಮೆ. ಫೋನುಗಳನ್ನು ಮಾತ್ರ ಒಂದೊಂದಾಗಿ ನೋಡಲೇಬೇಕು. ಯಾರನ್ನೂ ಗದರಬೇಡಿ, ಗದರಿದರೆ ಹೇಳುವುದಿಲ್ಲ. ಸೆಟ್ಟಿಂಗ್ ಬದಲಿಸಿದ್ದವರ ಪಾಸ್‌ವರ್ಡ್ ಬದಲಿಸಿ.

ವರದಿಯಲ್ಲಿ ಪ್ರತಿ ಪರಿಹಾರದ ಮುಂದೆ ಮಾಡುವವರ ಹೆಸರು, ದಿನಾಂಕ ಇರಲಿ. ಸ್ಕ್ರಿಪ್ಟ್ ಇವತ್ತೇ ಆಗುತ್ತದೆ. ನಿಗಾ ಈ ವಾರ. ಹುಬ್ಬಳ್ಳಿಯ ಫೋನುಗಳು ನಾಳೆ, ಶಾಖೆಗಳದ್ದು ಯಾರಾದರೂ ಅಲ್ಲಿಗೆ ಹೋದಾಗ. ಆದರೆ ಸ್ಕ್ರಿಪ್ಟ್ ನಿಜವಾಗಿ ಕೆಲಸ ಮಾಡಿತೇ ಅನ್ನೋದು ಮುಂದಿನ ರಿನ್ಯೂ ದಿನವೇ ಗೊತ್ತಾಗುವುದು. ಈಗಿನ ಸರ್ಟಿಫಿಕೇಟ್ ಜನವರಿ 9ಕ್ಕೆ ಮುಗಿಯುತ್ತದೆ, ಅಂದರೆ ಡಿಸೆಂಬರ್ 10ರ ಸುಮಾರಿಗೆ ಹೊಸದು ಬರಬೇಕು. ಡಿಸೆಂಬರ್ 12ರಂದು ಹೊರಗಿನ ಯಂತ್ರದಿಂದ ಮೇಲಿನ ಕಮಾಂಡಿನಲ್ಲಿ `-checkend 1814400` ತೆಗೆದು `-enddate` ಹಾಕಿ 993ನ್ನು ನೋಡಿ. ಮಾರ್ಚ್ ತಿಂಗಳ ದಿನಾಂಕ ಕಂಡರೆ ಮಾಲಕರಿಗೆ ಹೇಳಿ ವರದಿಯನ್ನು ಮುಗಿಸಿ. ಇನ್ನೂ ಜನವರಿ 9 ಅಂತಲೇ ತೋರಿಸಿದರೆ ಸ್ಕ್ರಿಪ್ಟ್ ಓಡಿಲ್ಲ, ಅಥವಾ ಈ ಸಲ ರಿನ್ಯೂವೇ ಆಗಿಲ್ಲ. ಆಗ `certbot certificates` ಕಮಾಂಡಿನ ಉತ್ತರವನ್ನೂ `/var/log/letsencrypt/letsencrypt.log` ಫೈಲನ್ನೂ ನನಗೆ ಕಳಿಸಿ. ಅಲ್ಲಿಯವರೆಗೆ ಆ ಸಾಲಿನ ಮುಂದೆ “ಬಾಕಿ” ಅಂತಲೇ ಇರಲಿ.